ಬ್ಯಾಂಕಿನ ಪಕ್ಕದಲ್ಲೇ ನಿಮಗೂ ಎಲೆ ಹಾಕಿದೆ

“ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಲೇತ್ ನಡೆಸಿದ್ದೇನೆ. ಕೊನೆಯ ಮೂರು ವರ್ಷ ನನ್ನ ಹುದ್ದೆಗೆ ‘ಶಿಫ್ಟ್ ಸೂಪರ್‌ವೈಸರ್’ ಎಂದು ಹೆಸರಿಟ್ಟಿದ್ದರು. ಸಂಬಳ 22,000 ರೂಪಾಯಿ. 2022ರ ಮಾರ್ಚ್‌ನಿಂದ ಸಂಬಳ ನಿಂತಿತು, ನವೆಂಬರ್ ಕೊನೆಗೆ ಕಾರ್ಖಾನೆಯೇ ಬಾಗಿಲು ಹಾಕಿತು. ಈಗ, 2024ರ ಜೂನ್ 3ರಂದು, ಲಿಕ್ವಿಡೇಷನ್ ಆದೇಶವಾಗಿದೆ. ಬಂದದ್ದೆಲ್ಲ ಬ್ಯಾಂಕಿನ ಪಾಲು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಒಂಬತ್ತು ತಿಂಗಳ ಸಂಬಳ, ಪಿಎಫ್ ಮುಳುಗಿದಂತೆಯೇ? ನನ್ನ ಭಾವ ಅದೇ ಕಂಪನಿಗೆ ಎರಕದ ಸಾಮಾನು ಕೊಟ್ಟು ಆರು ಲಕ್ಷ ಬಾಕಿ ಇದೆ. ಅತ್ತೆಯ ಹೆಸರಿನಲ್ಲಿ ಐನೂರು ಷೇರುಗಳಿವೆ. ಪತ್ರಿಕಾ ಪ್ರಕಟಣೆಯ ತುಣುಕನ್ನು ಇದರೊಂದಿಗೆ ಇಟ್ಟಿದ್ದೇನೆ.”
— ಒಬ್ಬ ಓದುಗ, ಬೆಂಗಳೂರು

ಪ್ರಿಯ ಓದುಗರೇ,

ಬಂದದ್ದೆಲ್ಲ ಬ್ಯಾಂಕಿನ ಪಾಲಾಗುವುದಿಲ್ಲ. ನಿಮಗೆ ಹಾಗೆ ಹೇಳಿದವರು ಅರ್ಧ ಸತ್ಯ ಹೇಳಿದ್ದಾರೆ. ಉಳಿದರ್ಧ ಸತ್ಯ ನಿಮ್ಮ ಪತ್ರದ ಎರಡನೆಯ ಸಾಲಿನಲ್ಲಿದೆ. ‘ಶಿಫ್ಟ್ ಸೂಪರ್‌ವೈಸರ್’ ಎಂಬ ಆ ಎರಡು ಪದ ನಿಮ್ಮ ಹಣವನ್ನು ಉಳಿಸಬಹುದು, ಕಳೆಯಲೂಬಹುದು. ಅಲ್ಲಿಗೆ ಬರುವ ಮುಂಚೆ, ಲಿಕ್ವಿಡೇಷನ್‌ನಲ್ಲಿ ಕಂಪನಿಯ ಆಸ್ತಿ ಮಾರಿ ಬಂದ ಹಣದ ಹಂಚಿಕೆಯ ಕ್ರಮವನ್ನು ಹೇಳುತ್ತೇನೆ.

2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಇದನ್ನು ಗೊತ್ತುಮಾಡಿದೆ. ಮದುವೆ ಮನೆಯ ಪಂಕ್ತಿಯನ್ನು ನೆನೆದುಕೊಳ್ಳಿ. ಮೊದಲ ಪಂಕ್ತಿಯವರಿಗೆ ಪೂರ್ತಿ ಬಡಿಸಿದ ಮೇಲೆಯೇ ಎರಡನೆಯದು. ಒಂದು ಪಂಕ್ತಿಗೆ ಸಾಲದಾದರೆ ಅದರಲ್ಲಿ ಕೂತ ಎಲ್ಲರಿಗೂ ಅವರವರ ಬಾಕಿಗೆ ತಕ್ಕ ಪ್ರಮಾಣದಲ್ಲಿ ಕಡಿಮೆ ಬೀಳುತ್ತದೆ, ಮುಂದಿನ ಪಂಕ್ತಿಗೆ ಏನೂ ಉಳಿಯುವುದಿಲ್ಲ. ಮೊದಲ ಪಂಕ್ತಿ ಪ್ರಕ್ರಿಯೆಯ ಖರ್ಚಿನದು: ಈ ಮಾರಾಟ, ಹಂಚಿಕೆ ನಡೆಸುವ ಲಿಕ್ವಿಡೇಟರ್ ಶುಲ್ಕ, ಕಾವಲು, ಹರಾಜಿನ ವೆಚ್ಚ. ಎರಡನೆಯದರಲ್ಲಿ ಇಬ್ಬರು ಸಮನಾಗಿ ಕೂರುತ್ತಾರೆ. ಒಬ್ಬರು, ಲಿಕ್ವಿಡೇಷನ್ ಆರಂಭದ ದಿನದಿಂದ ಹಿಂದಿನ 24 ತಿಂಗಳ ಬಾಕಿ ಇರುವ ಕಾರ್ಮಿಕರು. ಇನ್ನೊಬ್ಬರು, ಅಡಮಾನದ ಆಸ್ತಿಯನ್ನು ಒಟ್ಟು ಗಂಟಿಗೆ ಬಿಟ್ಟುಕೊಟ್ಟ ಬ್ಯಾಂಕಿನಂಥ ಸಾಲ ಕೊಟ್ಟವರು. ಮೂರನೆಯದು ಕಾರ್ಮಿಕರಲ್ಲದ ನೌಕರರದು, ಅದೂ ಹಿಂದಿನ 12 ತಿಂಗಳಿಗೆ ಮಾತ್ರ. ಆಮೇಲೆ ಅಡಮಾನವಿಲ್ಲದೆ ಹಣ ಸಾಲ ಕೊಟ್ಟವರು, ಅವರ ಹಿಂದೆ ಸರ್ಕಾರದ ಎರಡು ವರ್ಷದ ತೆರಿಗೆ ಬಾಕಿ. ಅದರ ಹಿಂದೆ ‘ಉಳಿದ ಎಲ್ಲ ಬಾಕಿಗಳು’ ಎಂಬ ದೊಡ್ಡ ಗುಂಪು. ಕೊನೆಯಲ್ಲಿ ಷೇರುದಾರರು: ಮೊದಲು ಪ್ರಿಫರೆನ್ಸ್ ಷೇರಿನವರು, ತೀರ ಕಡೆಗೆ ಸಾಮಾನ್ಯ ಷೇರಿನವರು.

ಕಾರ್ಮಿಕರು ಬ್ಯಾಂಕಿನ ಪಕ್ಕ ಕೂತದ್ದು ಮೊನ್ನೆಯ ಮಾತಲ್ಲ. ಹಳೆಯ ಕಂಪನಿ ಕಾಯ್ದೆಗೆ 1985ರಲ್ಲಿ ತಂದ ತಿದ್ದುಪಡಿಯೇ ಆ ಜಾಗವನ್ನು ಕೊಟ್ಟಿತು. 2016ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಕಿಂಗ್‌ಫಿಷರ್ ಏರ್‌ಲೈನ್ಸ್ ಮುಚ್ಚಲು ಆದೇಶಿಸಿದ್ದು ಆ ಹಳೆಯ ಕಾಯ್ದೆಯ ಕೆಳಗೆ. ಆದ್ದರಿಂದ ಅಲ್ಲಿನ ಕಥೆ ಕೇಳಿ ನಿಮ್ಮ ಲೆಕ್ಕ ಹಾಕಬೇಡಿ. ಆಗ ಕಾರ್ಮಿಕರ ಸಮಪಾಲಿಗೆ 24 ತಿಂಗಳ ಗಡಿ ಇರಲಿಲ್ಲ, ಈಗ ಇದೆ. ಈ ಹೊಸ ಕ್ರಮವನ್ನು ಮೋಸರ್ ಬೇರ್ ಕಂಪನಿಯ ಕಾರ್ಮಿಕ ಸಂಘ ಪ್ರಶ್ನಿಸಿತ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನೇ ಎತ್ತಿಹಿಡಿಯಿತು.

ಈಗ ನಿಮ್ಮ ಕಾರ್ಖಾನೆಯಂಥ ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನು ಹಾಕಿಕೊಂಡವು. ಜಾಗ, ಯಂತ್ರ, ಗುಜರಿ ಎಲ್ಲ ಮಾರಿ 10 ಕೋಟಿ ಬಂತು ಎನ್ನಿ. ಖರ್ಚಿಗೆ 1 ಕೋಟಿ ಹೋಯಿತು, ಉಳಿದದ್ದು 9 ಕೋಟಿ. ಬ್ಯಾಂಕಿನ ಸಾಲ 15 ಕೋಟಿ, ಕಾರ್ಮಿಕರ 24 ತಿಂಗಳ ಬಾಕಿ 3 ಕೋಟಿ. ಒಟ್ಟು 18 ಕೋಟಿಗೆ 9 ಕೋಟಿ, ಅಂದರೆ ರೂಪಾಯಿಗೆ ಐವತ್ತು ಪೈಸೆ. ಬ್ಯಾಂಕಿಗೆ ಏಳೂವರೆ ಕೋಟಿ, ಕಾರ್ಮಿಕರಿಗೆ ಒಂದೂವರೆ ಕೋಟಿ. ಹಣ ಅಲ್ಲಿಗೇ ಮುಗಿಯಿತು. ಮೂರನೆಯ ಪಂಕ್ತಿಯ ಗುಮಾಸ್ತರಿಗೂ ಮ್ಯಾನೇಜರುಗಳಿಗೂ ಒಂದು ಪೈಸೆ ಇಲ್ಲ.

ಬ್ಯಾಂಕು ಒಟ್ಟು ಗಂಟಿಗೆ ಸೇರದೆ, ಅಡಮಾನದ ಜಾಗವನ್ನು ತಾನೇ ಬೇರೆಯಾಗಿ ಮಾರಿಕೊಳ್ಳುವ ದಾರಿಯೂ ಇದೆ. ಆಗ ಕಾರ್ಮಿಕರ ಗತಿಯೇನು ಎಂದು ನೀವು ಕೇಳಬಹುದು. ಒಟ್ಟಿಗೆ ಕೂತಿದ್ದರೆ ಪ್ರಕ್ರಿಯೆಯ ಖರ್ಚಿಗೂ ಕಾರ್ಮಿಕರ ಬಾಕಿಗೂ ಎಷ್ಟು ಬಿಡಬೇಕಾಗುತ್ತಿತ್ತೋ ಅಷ್ಟನ್ನು ಬ್ಯಾಂಕು ಲಿಕ್ವಿಡೇಟರ್‌ಗೆ ಕಟ್ಟಲೇಬೇಕು ಎಂದು ನಿಯಮವಿದೆ. ಮೂರನೆಯ ಪಂಕ್ತಿಯ ನೌಕರರಿಗೆ ಈ ರಕ್ಷಣೆಯೂ ಇಲ್ಲ.

ಇಲ್ಲಿಗೆ ನಿಮ್ಮ ಆ ಎರಡು ಪದಗಳು ಬಂದವು. ಕಂಪನಿಯ ಕಡತದಲ್ಲಿ ನೀವು ಸೂಪರ್‌ವೈಸರ್. ಲಿಕ್ವಿಡೇಟರ್‌ಗೆ ನಿಮ್ಮ ಮುಖ ಗೊತ್ತಿಲ್ಲ, ಅವರ ಮುಂದಿರುವುದು ಸಂಬಳದ ಪಟ್ಟಿ. ಅದನ್ನು ನಂಬಿ ಅವರು ನಿಮ್ಮನ್ನು ‘ನೌಕರ’ ಎಂದು ಬರೆದುಕೊಂಡರೆ, ಜೂನ್ 3ರಿಂದ ಹಿಂದೆ 12 ತಿಂಗಳು ಮಾತ್ರ ಲೆಕ್ಕಕ್ಕೆ ಬರುತ್ತದೆ, ಅಂದರೆ 2023ರ ಜೂನ್‌ವರೆಗೆ. ನಿಮ್ಮ ಸಂಬಳದ ಬಾಕಿ ಅದಕ್ಕೂ ಮೊದಲೇ, 2022ರ ನವೆಂಬರ್‌ಗೆ ಮುಗಿದಿದೆ. ಒಂಬತ್ತೂ ತಿಂಗಳು ‘ಉಳಿದ ಎಲ್ಲ ಬಾಕಿ’ಗಳ ರಾಶಿಗೆ ಬೀಳುತ್ತವೆ. ಮೂರನೆಯ ಪಂಕ್ತಿಗೆ ಹಣ ಉಳಿದರೂ ಆ ಸಂಬಳದ ಲೆಕ್ಕದಲ್ಲಿ ನಿಮ್ಮ ಎಲೆಗೆ ಏನೂ ಬೀಳುವುದಿಲ್ಲ.

‘ಕಾರ್ಮಿಕ’ ಎಂದು ಒಪ್ಪಿದರೆ 24 ತಿಂಗಳು, ಅಂದರೆ 2022ರ ಜೂನ್‌ವರೆಗೆ ಹಿಂದಕ್ಕೆ ಹೋಗಬಹುದು. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ 66,000 ರೂಪಾಯಿ ಆಗಲೂ ಕೈತಪ್ಪುತ್ತದೆ. ಆದರೆ ಜೂನ್‌ನಿಂದ ನವೆಂಬರ್‌ವರೆಗಿನ ಆರು ತಿಂಗಳ 1,32,000 ರೂಪಾಯಿ ಎರಡನೆಯ ಪಂಕ್ತಿಗೆ ಬರುತ್ತದೆ (ಜೂನ್‌ನ ಮೊದಲೆರಡು ದಿನದ ಕೂಲಿ ಬಿಟ್ಟು). ನನ್ನ ಲೆಕ್ಕದ ಐವತ್ತು ಪೈಸೆಯಂತೆ ಸುಮಾರು 66,000 ರೂಪಾಯಿ ಕೈಗೆ ಬಂತು. ಕೈತಪ್ಪಿದ ಆ ಮೂರು ತಿಂಗಳ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಕಾರ್ಖಾನೆ ಮುಚ್ಚಿದ ದಿನದಿಂದ ಎಣಿಸಿದ್ದರೆ ನಿಮ್ಮ ಒಂಬತ್ತೂ ತಿಂಗಳು ಒಳಗಿರುತ್ತಿದ್ದವು. ಆದೇಶ ಬರಲು ಒಂದೂವರೆ ವರ್ಷ ಹಿಡಿಯಿತು, ಆ ತಡಕ್ಕೆ ಕಾರ್ಮಿಕ ಕಾರಣನಲ್ಲ, ದಂಡ ಮಾತ್ರ ಅವನಿಗೆ. ಈ ಗಡಿಯನ್ನು ಸಂಸತ್ತು ತಿದ್ದಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ನೀವು ಯಾರು? ಸಂಹಿತೆಯು ‘ಕಾರ್ಮಿಕ’ನ ಅರ್ಥವನ್ನು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಿಂದ ತೆಗೆದುಕೊಂಡಿದೆ. 2024ರಲ್ಲಿ ಜಾರಿಯಲ್ಲಿದ್ದ ಆ ಕಾಯ್ದೆಯಂತೆ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಸಂಬಳ ಪಡೆಯುವವರು ಕಾರ್ಮಿಕರಲ್ಲ. ಆದರೆ ನ್ಯಾಯಾಲಯಗಳು ಹುದ್ದೆಯ ಹೆಸರನ್ನು ನೋಡುವುದಿಲ್ಲ, ದಿನದ ಬಹುಪಾಲು ಆ ಮನುಷ್ಯ ಏನು ಮಾಡುತ್ತಿದ್ದ ಎಂಬುದನ್ನು ನೋಡುತ್ತವೆ. ಕೊನೆಯ ಮೂರು ವರ್ಷವೂ ನೀವು ಲೇತ್ ಮುಂದೆಯೇ ನಿಂತಿದ್ದರೆ, ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಮಗಿಲ್ಲದಿದ್ದರೆ, ನೀವು ಕಾರ್ಮಿಕರೇ ಎಂದು ಗಟ್ಟಿಯಾಗಿ ವಾದಿಸಬಹುದು. ಅದಕ್ಕೆ ಕಾಗದ ಬೇಕು. ನಿಮ್ಮ ಸಹಿ ಇರುವ ಜಾಬ್ ಕಾರ್ಡ್, ಪಾಳಿಯ ಉತ್ಪಾದನೆ ಹಾಳೆ, ಓವರ್‌ಟೈಮ್ ಪಡೆದ ಸಂಬಳ ಚೀಟಿ, ಜೊತೆಗಾರರ ಪ್ರಮಾಣಪತ್ರ, ಯಾವುದು ಸಿಕ್ಕರೂ ಜೋಡಿಸಿ.

ನನ್ನ ಅಣ್ಣ ದಾವಣಗೆರೆಯ ಒಂದು ಗಿರಣಿಯಲ್ಲಿದ್ದವನು. ಗಿರಣಿ ಮುಚ್ಚಿ ವರ್ಷಗಳಾದ ಮೇಲೆ ಬಾಕಿ ಕೇಳಲು ಹೋದಾಗ ಹಾಜರಿ ಪುಸ್ತಕವೇ ಇಲ್ಲ ಎಂದರಂತೆ. ಅತ್ತಿಗೆ ಅಕ್ಕಿ ಡಬ್ಬದ ಮೇಲಿಟ್ಟಿದ್ದ ಬಿಸ್ಕತ್ತಿನ ತಗಡಿನ ಪೆಟ್ಟಿಗೆಯಿಂದ ಅವನ ಹಾಜರಿ ಚೀಟಿಗಳನ್ನು ತೆಗೆದುಕೊಟ್ಟಳು. ಅಂಚು ಹಳದಿಯಾಗಿ, ಎಣ್ಣೆ ಬೆರಳಿನ ಗುರುತು ಹಾಗೇ ಉಳಿದಿದ್ದ ಚೀಟಿಗಳು. ಅವನ ಬಾಕಿ ಲೆಕ್ಕಕ್ಕೆ ಬಂದದ್ದು ಅವುಗಳಿಂದಲೇ. ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ಹುಡುಕಿ.

ಲಿಕ್ವಿಡೇಟರ್ ನಿಮ್ಮ ಬೇಡಿಕೆಯನ್ನು ತಿರಸ್ಕರಿಸಿದರೆ ಅಥವಾ ನಿಮ್ಮನ್ನು ನೌಕರರ ಪಟ್ಟಿಗೆ ತಳ್ಳಿದರೆ, ಆ ನಿರ್ಧಾರ ಕೈಸೇರಿದ 14 ದಿನಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು. ಅರ್ಜಿಯಲ್ಲಿ ಸಂಬಳ ಮಾತ್ರ ಬರೆದು ನಿಲ್ಲಿಸಬೇಡಿ. ಬಳಸದ ರಜೆಯ ಹಣ, ಕೆಲಸ ಹೋದದ್ದಕ್ಕೆ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ಬರಬೇಕಾದ ಪರಿಹಾರ ಇವೂ ಕಾರ್ಮಿಕರ ಬಾಕಿಯೊಳಗೇ ಸೇರುತ್ತವೆ.

ಪಿಎಫ್ ಹಣ ಈ ಯಾವ ಪಂಕ್ತಿಗೂ ಸೇರಿದ್ದಲ್ಲ. ಪಿಎಫ್, ಪಿಂಚಣಿ ಮತ್ತು ಗ್ರಾಚುಟಿ ನಿಧಿಗಳಿಂದ ಬರಬೇಕಾದ ಹಣ ಲಿಕ್ವಿಡೇಷನ್ ಆಸ್ತಿಯೇ ಅಲ್ಲ ಎಂದು ಸಂಹಿತೆಯ 36ನೇ ಸೆಕ್ಷನ್ ಹೇಳುತ್ತದೆ. 2022ರಲ್ಲಿ ಎಬಿಜಿ ಶಿಪ್‌ಯಾರ್ಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಇಲ್ಲಿ ಕಾರ್ಮಿಕ, ನೌಕರ ಎಂಬ ಭೇದವೂ ಇಲ್ಲ. ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು ಕಂತು ಯಾವ ತಿಂಗಳಿಗೆ ನಿಂತಿದೆ ನೋಡಿ. ಸಂಬಳದಿಂದ ಹಿಡಿದು ನಿಧಿಗೆ ಕಟ್ಟದ ತಿಂಗಳುಗಳಿದ್ದರೆ ಅವನ್ನು ಬೇರೆ ಸಾಲಿನಲ್ಲಿ ಬರೆದು, ಪಿಎಫ್ ಕಚೇರಿಗೂ ಒಂದು ದೂರು ಕೊಡಿ. ಗ್ರಾಚುಟಿಯಲ್ಲಿ ಮಾತ್ರ ತೊಡಕು ಬರಬಹುದು. ಕಂಪನಿ ಅದಕ್ಕೆಂದು ನಿಧಿಯನ್ನೇ ಕಟ್ಟಿರದಿದ್ದರೆ ಲಿಕ್ವಿಡೇಟರುಗಳು ಕೈಯೆತ್ತುವುದುಂಟು, ಅದರ ಮೇಲೆ ವ್ಯಾಜ್ಯಗಳೂ ನಡೆದಿವೆ. ಎಲ್‌ಐಸಿಯ ಗುಂಪು ಗ್ರಾಚುಟಿ ಪಾಲಿಸಿ ಇತ್ತೇ ಎಂದು ಲಿಕ್ವಿಡೇಟರ್‌ಗೆ ಬರಹದಲ್ಲೇ ಕೇಳಿ.

ನಿಮ್ಮ ಭಾವನವರಿಗೆ ಸಿಹಿ ಸುದ್ದಿ ಹೇಳಲಾರೆ. ಸಾಮಾನು ಕೊಟ್ಟು ಬಾಕಿ ಉಳಿಸಿಕೊಂಡವರು ತೆರಿಗೆ ಇಲಾಖೆಗಿಂತಲೂ ಹಿಂದೆ, ಆ ದೊಡ್ಡ ಗುಂಪಿನಲ್ಲಿ ಕೂರುತ್ತಾರೆ. ಸಣ್ಣ ಉದ್ಯಮದ ನೋಂದಣಿ ಇದ್ದರೂ ಈ ಸಾಲಿನಲ್ಲಿ ಮುಂದಕ್ಕೆ ಜಾಗ ಸಿಗುವುದಿಲ್ಲ. ಆದರೂ ಅರ್ಜಿ ಹಾಕಲಿ, ಆರು ಲಕ್ಷದ ಆಸೆ ಇಟ್ಟುಕೊಳ್ಳದೆ. ಅವರು ಮುಖ್ಯವಾಗಿ ವಿಚಾರಿಸಬೇಕಾದದ್ದು ಬೇರೆ. ಅವರ ಸ್ವಂತ ಪ್ಯಾಟರ್ನ್, ಡೈ, ಮಾದರಿಗಳು ಕಾರ್ಖಾನೆಯಲ್ಲೇ ಉಳಿದಿದ್ದರೆ ಅವು ಕಂಪನಿಯ ಆಸ್ತಿಯಲ್ಲ, ಅವರದೇ. ಕಳುಹಿಸಿದ ಚಲನ್ ತೋರಿಸಿ, ಹರಾಜಿಗೆ ಮುಂಚೆ ವಾಪಸು ಕೇಳಬೇಕು. ಗುಜರಿಯ ಜೊತೆ ಲಾರಿ ಹತ್ತಿದ ಮೇಲೆ ಅವನ್ನು ಹುಡುಕುವುದು ಕಷ್ಟ.

ಅತ್ತೆಯವರ ಷೇರಿಗೆ ಏನೂ ಬರುವುದಿಲ್ಲ. ಕಂಪನಿಯ ಸಾಲಕ್ಕೆ ತಾವು ಕೈಯಿಂದ ಕಟ್ಟಬೇಕಾದೀತೆಂದು ಅವರು ಹೆದರಿದ್ದರೆ, ಷೇರಿನ ಬೆಲೆ ಪೂರ್ತಿ ಕಟ್ಟಿರುವ ತನಕ ಆ ಹೆದರಿಕೆ ಬೇಡ ಎಂದು ಹೇಳಿ.

ನೀವು ಕಳುಹಿಸಿದ ಪ್ರಕಟಣೆಯಲ್ಲಿ ಕ್ಲೇಮ್ ಸಲ್ಲಿಸಲು ಕೊನೆಯ ದಿನ ಜುಲೈ 3 ಎಂದಿದೆ. ಲಿಕ್ವಿಡೇಷನ್‌ಗೆ ಮುಂಚಿನ ದಿವಾಳಿ ಪ್ರಕ್ರಿಯೆಯ ಹಂತದಲ್ಲಿ ಅರ್ಜಿ ಕೊಟ್ಟಿದ್ದರೂ ಈಗ ಮತ್ತೊಮ್ಮೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಚಿಕೆ ನಿಮ್ಮನ್ನು ತಲುಪುವುದು ತಡವಾದೀತೆಂದು ಈ ಉತ್ತರದ ಪ್ರತಿಯೊಂದನ್ನು ಇಂದೇ ನಿಮ್ಮ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ.

— ಸಂಪಾದಕ