ಸಂದರ್ಶನದ ಮರುದಿನದ ಧನ್ಯವಾದದ ಇಮೇಲ್‌ನಲ್ಲಿ ನಮ್ಮ ಅರ್ಹತೆಯ ಮಾತು ಎಷ್ಟಿರಬೇಕು?

ಪ್ರಶ್ನೆ: ನಿನ್ನೆ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯುಟಿವ್ ಕೆಲಸಕ್ಕೆ ಇಂಟರ್‌ವ್ಯೂ ಆಯ್ತು. ಮೂರು ವರ್ಷದಿಂದ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ನೋಡ್ಕೊಳ್ತಿದ್ದೀನಿ. ತಿಂಗಳ 14ರಿಂದ 20ರವರೆಗೆ ತಮಗೆ ಪುರುಸೊತ್ತೇ ಇರಲ್ಲ ಅಂತ ಅಲ್ಲಿನ ಮ್ಯಾನೇಜರ್ ಹೇಳಿದ್ರು. ಇನ್‌ಪುಟ್ ಕ್ರೆಡಿಟ್ ಬಗ್ಗೆ ಕೇಳಿದಾಗ ನಾನು ಹಳೇ ಶೇ 5ರ ನಿಯಮ ಹೇಳಿಬಿಟ್ಟೆ. ಈಗ ಬರೀ ಥ್ಯಾಂಕ್ಸ್ ಮೇಲ್ ಕಳಿಸಿದ್ರೆ ಸಾಕಾ, ಈ ಕೆಲಸಕ್ಕೆ ನಾನು ಸರಿ ಅಂತಲೂ ಬರೀಬೇಕಾ? ಬೇಡಿಕೊಂಡ ಹಾಗೆ ಕಾಣಬಾರದು.

ಉತ್ತರ:

ಎರಡನ್ನೂ ಬರೆಯಿರಿ, ಆದರೆ ಒಂದರೊಳಗೊಂದು ಬೆರೆಸಬೇಡಿ. ನಾನು ಹನ್ನೊಂದು ವರ್ಷಗಳಿಂದ ಖಾಸಗಿ ಕಂಪನಿಗಳ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ, ಕಳೆದ ಕೆಲವು ವರ್ಷಗಳಿಂದ ನಮ್ಮ ವಿಭಾಗಕ್ಕೆ ಜನರನ್ನು ಆರಿಸುವ ಸಂದರ್ಶನಗಳಲ್ಲಿಯೂ ಕುಳಿತಿದ್ದೇನೆ. ಹಾಗಾಗಿ ಇಂತಹ ಪತ್ರಗಳನ್ನು ಓದುವವರ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲಿಗೆ ಈ ಪತ್ರದ ಶಕ್ತಿಯ ಮಿತಿ ತಿಳಿದಿರಲಿ. ಸಂದರ್ಶನ ಮುಗಿದ ಕೂಡಲೇ, ಬಹಳವೆಂದರೆ ಅಂದೇ ಸಂಜೆ, ನಾವು ನಮ್ಮ ಅಭಿಪ್ರಾಯವನ್ನು ಹಾಳೆಯ ಮೇಲೆ ಬರೆದಿಟ್ಟಿರುತ್ತೇವೆ. ಬೇಡವೆಂದು ತೀರ್ಮಾನಿಸಿದವರನ್ನು ಧನ್ಯವಾದದ ಪತ್ರ ನೋಡಿ ಆರಿಸಿದ್ದು ನನಗೆ ನೆನಪಿಲ್ಲ. ಆದರೆ ಇಬ್ಬರು ಹೆಚ್ಚುಕಡಿಮೆ ಸಮವಾಗಿ ಉಳಿದಾಗ, ಅಥವಾ ಒಬ್ಬರ ಬಗ್ಗೆ ಒಂದೇ ಒಂದು ಸಂಶಯ ಉಳಿದಿರುವಾಗ, ಪತ್ರಕ್ಕೆ ನಿಜವಾದ ಬೆಲೆ ಬರುತ್ತದೆ. ತಪ್ಪು ಉತ್ತರ ಕೊಟ್ಟಿರುವ ನಿಮ್ಮ ವಿಷಯದಲ್ಲಿ ಆ ಒಂದು ಸಂಶಯ ಯಾವುದೆಂದು ನಿಮಗೇ ಗೊತ್ತಿದೆ. ಆ ಕಾರಣಕ್ಕೆ ನಿಮ್ಮ ಪತ್ರ ಕೇವಲ ಸೌಜನ್ಯದ್ದಾಗಿ ಮುಗಿಯಬಾರದು.

ಧನ್ಯವಾದದ ಭಾಗ ಎರಡು ವಾಕ್ಯಗಳಿಗಿಂತ ಹೆಚ್ಚು ಬೇಡ. ಆ ಎರಡರಲ್ಲಿ ಒಂದು ವಾಕ್ಯವಾದರೂ ಆ ಸಂದರ್ಶನಕ್ಕೆ ಮಾತ್ರ ಹೊಂದುವಂತಿರಬೇಕು, ಬೇರೆ ಕಂಪನಿಗೆ ಹಾಗೆಯೇ ಕಳಿಸಲು ಬರುವಂತಿರಬಾರದು. ಅವರು ನಿಮಗಾಗಿ ಬಿಡುವು ಮಾಡಿಕೊಂಡರು, ಕೆಲಸ ಹೇಗೆ ಹಂಚಿಕೆಯಾಗಿದೆ ಎಂದು ವಿವರಿಸಿದರು, ಇಷ್ಟಕ್ಕೆ ಕೃತಜ್ಞತೆ ಹೇಳಿ ಅಲ್ಲಿಗೆ ನಿಲ್ಲಿಸಿ. ‘ನನ್ನನ್ನು ಆಯ್ಕೆ ಮಾಡುವಿರೆಂಬ ನಂಬಿಕೆಯೊಂದಿಗೆ ಧನ್ಯವಾದಗಳು’ ಎಂದು ಅದೇ ವಾಕ್ಯಕ್ಕೆ ಆಸೆಯನ್ನು ಅಂಟಿಸಿದರೆ, ಮುಗಿದ ಉಪಕಾರಕ್ಕೆ ಹೇಳಿದ ಧನ್ಯವಾದವು ಮುಂದೆ ಆಗಬೇಕಾದ ಉಪಕಾರಕ್ಕೆ ಕೊಟ್ಟ ಮುಂಗಡವಾಗಿಬಿಡುತ್ತದೆ. ನೀವು ಹೆದರುತ್ತಿರುವ ಬೇಡಿಕೆಯ ಧ್ವನಿ ಹುಟ್ಟುವುದು ಅಲ್ಲಿಯೇ. ಅರ್ಹತೆಯನ್ನು ಹೇಳಿಕೊಂಡ ಮಾತ್ರಕ್ಕೆ ಯಾರೂ ಬೇಡುವವರಂತೆ ಕಾಣುವುದಿಲ್ಲ.

ಇನ್ನು ಅರ್ಹತೆಯ ಮಾತು. ನಮ್ಮಲ್ಲಿ ಬಹಳ ಮಂದಿಗೆ ತಮ್ಮ ಬಗ್ಗೆ ತಾವೇ ಬರೆಯಲು ಸಂಕೋಚ. ಆ ಸಂಕೋಚವನ್ನು ಮೀರಲು ಹೊರಟವರು ಒಮ್ಮೆಲೇ ‘ನಾನು ಕಷ್ಟಜೀವಿ, ಪ್ರಾಮಾಣಿಕ, ನಿಮ್ಮ ಸಂಸ್ಥೆಗೆ ಆಸ್ತಿಯಾಗುತ್ತೇನೆ’ ಎಂದು ಬರೆದುಬಿಡುತ್ತಾರೆ. ಓದುವವರಿಗೆ ಇದರಿಂದ ತಿಳಿಯುವುದು ಏನೂ ಇಲ್ಲ, ಏಕೆಂದರೆ ಪರೀಕ್ಷಿಸಿ ನೋಡಲು ಬರುವ ಒಂದು ಸಂಗತಿಯೂ ಅದರಲ್ಲಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ, ಅವರ ಬಾಯಿಂದ ಬಂದ ಒಂದು ತೊಂದರೆಯನ್ನು ಮೊದಲು ಇಟ್ಟು, ಆ ತೊಂದರೆಗೆ ನೇರವಾಗಿ ತಾಗುವ ನಿಮ್ಮ ಒಂದು ಕೆಲಸವನ್ನು ಅದರ ಪಕ್ಕದಲ್ಲಿ ಇಡುವುದು. ಆಗ ವಾಕ್ಯದ ಕೇಂದ್ರದಲ್ಲಿ ನೀವು ಇರುವುದಿಲ್ಲ, ಕೆಲಸ ಇರುತ್ತದೆ.

ನಿಮಗೆ ಆ ತೊಂದರೆಯನ್ನು ಮ್ಯಾನೇಜರ್ ಅವರೇ ಕೈಗಿತ್ತಿದ್ದಾರೆ. 14ರಿಂದ 20 ಎಂದು ಅವರು ಹೇಳಿದ್ದರ ಅರ್ಥ ನಿಮಗೆ ಗೊತ್ತೇ ಇದೆ. ಪ್ರತಿ ತಿಂಗಳು ರಿಟರ್ನ್ ಹಾಕುವ ಸರಬರಾಜುದಾರರು 11ನೇ ತಾರೀಖಿನೊಳಗೆ ತಮ್ಮ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಬೇಕು, ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ನಮಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿ 14ರಂದು ಸಿದ್ಧವಾಗುತ್ತದೆ, 20ರೊಳಗೆ 3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ನಡುವಿನ ಆರು ದಿನಗಳಲ್ಲಿ ಖರೀದಿ ಪುಸ್ತಕವನ್ನು 2ಬಿ ಜೊತೆ ತಾಳೆ ನೋಡಿ, ಕಾಣೆಯಾದ ಇನ್‌ವಾಯ್ಸ್‌ಗಳಿಗಾಗಿ ಸರಬರಾಜುದಾರರ ಬೆನ್ನು ಹತ್ತಬೇಕು. ಮ್ಯಾನೇಜರ್ ಹುಡುಕುತ್ತಿರುವುದು ಆ ಆರು ದಿನಗಳ ಭಾರ ಇಳಿಸಬಲ್ಲವರನ್ನು. ಆದ್ದರಿಂದ ನಿಮ್ಮ ಬಿಕಾಂ ಅಂಕಗಳು, ಟ್ಯಾಲಿ ಸರ್ಟಿಫಿಕೇಟ್, ಟಿಡಿಎಸ್ ಅನುಭವ ಎಲ್ಲವನ್ನೂ ಈ ಪತ್ರದಲ್ಲಿ ಬಿಟ್ಟುಬಿಡಿ. ಅವೆಲ್ಲ ರೆಸ್ಯೂಮೆಯಲ್ಲಿವೆ. ಒಂದೇ ಸಂಗತಿ ಹೇಳಿದ ಪತ್ರದಲ್ಲಿ ಆ ಸಂಗತಿ ನೆನಪಿನಲ್ಲಿ ಉಳಿಯುತ್ತದೆ, ಐದು ಹೇಳಿದಾಗ ಯಾವುದೂ ಉಳಿಯುವುದಿಲ್ಲ.

ತಪ್ಪು ಉತ್ತರದ ಬಗ್ಗೆಯೂ ಬರೆಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸರಬರಾಜುದಾರರು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸದ ಇನ್‌ವಾಯ್ಸ್‌ಗಳ ಮೇಲೂ ಒಂದು ಮಿತಿಯೊಳಗೆ ಕ್ರೆಡಿಟ್ ತೆಗೆದುಕೊಳ್ಳುವ ಅವಕಾಶ ನಿಯಮ 36(4)ರಲ್ಲಿ ಮೊದಲು ಶೇ 20ರಷ್ಟಿತ್ತು, ಆಮೇಲೆ ಶೇ 10, ಕೊನೆಗೆ ಶೇ 5ಕ್ಕೆ ಇಳಿಯಿತು, 2022ರ ಜನವರಿ 1ರಿಂದ ಪೂರ್ತಿ ಹೋಯಿತು. ಜಿಎಸ್‌ಟಿ ಕೆಲಸಕ್ಕೆ ಬಂದ ಅಭ್ಯರ್ಥಿ ಶೇ 5 ಎಂದರೆ, ಎದುರು ಕುಳಿತವರು ‘ಹಳೆಯ ನಿಯಮದಲ್ಲೇ ನಿಂತಿದ್ದಾರೆಯೇ?’ ಎಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಆ ಗುರುತನ್ನು ಅಳಿಸುವ ಅವಕಾಶ ನಿಮಗೆ ಈ ಪತ್ರದಲ್ಲಿ ಮಾತ್ರ ಸಿಗುತ್ತದೆ. ತಿದ್ದುಪಡಿ ಎರಡು ವಾಕ್ಯಗಳಲ್ಲಿ ಮುಗಿಯಲಿ: ಹೇಳಿದ್ದು ತಪ್ಪು, ಸರಿಯಾದದ್ದು ಇದು. ಗಾಬರಿಯಾಗಿತ್ತು, ನಿದ್ದೆ ಇರಲಿಲ್ಲ ಎಂಬ ಕಾರಣಗಳು ಬೇಡ, ಕ್ಷಮೆಯಾಚನೆಯೂ ಬೇಡ. ಲೆಕ್ಕದ ಕೆಲಸದಲ್ಲಿ ತನ್ನ ತಪ್ಪನ್ನು ತಾನೇ ಹಿಡಿದು ಮರುದಿನ ಬೆಳಿಗ್ಗೆ ತಿಳಿಸುವವರ ಮೇಲೆ ನಮಗೆ ವಿಶ್ವಾಸ ಬೆಳೆಯುತ್ತದೆ. ಆದರೆ ತಿದ್ದುವುದು ಒಂದೇ ಇರಲಿ. ಮೂರು ನಾಲ್ಕು ಉತ್ತರಗಳನ್ನು ತಿದ್ದಲು ಹೊರಟರೆ, ಸಂದರ್ಶನವೇ ಕೆಟ್ಟಿತ್ತೆಂದು ನೀವೇ ಬರೆದುಕೊಟ್ಟಂತಾಗುತ್ತದೆ.

ನಿಮ್ಮ ಪತ್ರ ಹೀಗಿರಬಹುದು. ಸಂದರ್ಶನ ಇಂಗ್ಲಿಷಿನಲ್ಲಿ ನಡೆದಿದ್ದರೆ ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯಿರಿ.

‘ಮಾನ್ಯರೇ,

ನಿನ್ನೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯ ಸಂದರ್ಶನಕ್ಕಾಗಿ ಬಿಡುವು ಮಾಡಿಕೊಂಡಿದ್ದಕ್ಕೆ ಧನ್ಯವಾದಗಳು. ವಿಭಾಗದ ತಿಂಗಳ ಕೆಲಸ ಹೇಗೆ ಸಾಗುತ್ತದೆ ಎಂದು ನೀವು ವಿವರಿಸಿದ್ದರಿಂದ ಹುದ್ದೆಯ ಸ್ವರೂಪ ನನಗೆ ಸ್ಪಷ್ಟವಾಯಿತು.

14ರಿಂದ 20ರವರೆಗಿನ ದಿನಗಳೇ ವಿಭಾಗಕ್ಕೆ ಅತಿ ಹೆಚ್ಚು ಒತ್ತಡದವು ಎಂದು ನೀವು ತಿಳಿಸಿದಿರಿ. ಈಗಿನ ಕಚೇರಿಯಲ್ಲಿ ಮೂರು ವರ್ಷಗಳಿಂದ 2ಬಿ ತಾಳೆ ನೋಡುವ ಕೆಲಸ ನನ್ನ ಪಾಲಿನದು. ಹಿಂದಿನ ತಿಂಗಳು ಇನ್‌ವಾಯ್ಸ್ ಬಿಟ್ಟಿದ್ದ ಸರಬರಾಜುದಾರರಿಗೆ ಪ್ರತಿ ತಿಂಗಳು 5ರ ಹೊತ್ತಿಗೆ ಇನ್‌ವಾಯ್ಸ್ ಸಂಖ್ಯೆಗಳ ಪಟ್ಟಿ ಕಳಿಸುವ ರೂಢಿ ಇಟ್ಟುಕೊಂಡಿದ್ದೇನೆ. ಇದರಿಂದ ಹೆಚ್ಚಿನವು 11ರೊಳಗಿನ ಜಿಎಸ್‌ಟಿಆರ್-1ರಲ್ಲೇ ಸೇರಿಹೋಗುತ್ತವೆ, 14ರ ನಂತರ ಹುಡುಕಬೇಕಾದವು ಕಡಿಮೆಯಾಗುತ್ತವೆ. ನಿಮ್ಮ ವಿಭಾಗದಲ್ಲಿಯೂ ಈ ಕೆಲಸವನ್ನು ಮೊದಲ ತಿಂಗಳಿನಿಂದಲೇ ವಹಿಸಿಕೊಳ್ಳಬಲ್ಲೆ.

ಒಂದು ತಿದ್ದುಪಡಿ ಇದೆ. 2ಬಿಯಲ್ಲಿ ಇಲ್ಲದ ಇನ್‌ವಾಯ್ಸ್‌ಗಳಿಗೆ ಶೇ 5ರವರೆಗೆ ಕ್ರೆಡಿಟ್ ಪಡೆಯಬಹುದೆಂದು ನಾನು ಹೇಳಿದ್ದು ಸರಿಯಲ್ಲ. 2022ರ ಜನವರಿ 1ರಿಂದ ಆ ಅವಕಾಶವಿಲ್ಲ, 2ಬಿಯಲ್ಲಿ ಕಾಣಿಸಿದ ನಂತರವೇ ಕ್ರೆಡಿಟ್ ಪಡೆಯಬೇಕು.

ಇನ್ನಾವುದೇ ವಿವರ ಬೇಕಿದ್ದಲ್ಲಿ ದಯವಿಟ್ಟು ತಿಳಿಸಿ, ಕಳಿಸಿಕೊಡುತ್ತೇನೆ.

ವಂದನೆಗಳೊಂದಿಗೆ,’

ಕೆಳಗೆ ನಿಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆ. 5ನೇ ತಾರೀಖಿನ ಪಟ್ಟಿಯ ಮಾತನ್ನು ನಾನು ಉದಾಹರಣೆಗಾಗಿ ಬರೆದಿದ್ದೇನೆ. ನೀವು ನಿಜವಾಗಿ ಮಾಡಿರುವ ಕ್ರಮ ಬೇರೆಯಾಗಿದ್ದರೆ ಅದನ್ನೇ ಬರೆಯಿರಿ, ಏಕೆಂದರೆ ಎರಡನೆಯ ಸುತ್ತಿನಲ್ಲಿ ಮೊದಲ ಪ್ರಶ್ನೆ ಈ ವಾಕ್ಯದ ಮೇಲೆಯೇ ಬರುತ್ತದೆ.

ಆಡಿಟರ್ ಆಫೀಸಿನಿಂದ ಬರುವವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ ಹೇಳಬೇಕು. ಕೆಲಸವನ್ನು ನಿರ್ದಿಷ್ಟವಾಗಿ ತೋರಿಸುವ ಉತ್ಸಾಹದಲ್ಲಿ ಕ್ಲೈಂಟುಗಳ ಹೆಸರು, ಅವರ ವಹಿವಾಟು, ಅವರಿಗೆ ಬಂದ ನೋಟಿಸಿನ ಮೊತ್ತ ಇವನ್ನು ಪತ್ರದಲ್ಲಿ ಬರೆಯಬೇಡಿ. ಒಮ್ಮೆ ನಮಗೆ ಬಂದ ಪತ್ರದಲ್ಲಿ ಅಭ್ಯರ್ಥಿಯೊಬ್ಬರು ತಾವು ನಿಭಾಯಿಸಿದ ವ್ಯಾಪಾರಿಯ ಹೆಸರನ್ನೂ ಅವರು ಕಟ್ಟಿದ ದಂಡವನ್ನೂ ನಮೂದಿಸಿದ್ದರು. ಅದು ಅವರ ಸಾಮರ್ಥ್ಯಕ್ಕೆ ಸಾಕ್ಷಿಯಾಗಿಯೇ ಇತ್ತು, ಆದರೆ ನಾಳೆ ನಮ್ಮ ಲೆಕ್ಕವೂ ಹೀಗೆಯೇ ಹೊರಗೆ ಹೋಗಬಹುದೆಂಬ ಯೋಚನೆ ಅದನ್ನು ಓದಿದ ನಮ್ಮೆಲ್ಲರಿಗೂ ಬಂತು. ‘ಒಬ್ಬ ಸಗಟು ವ್ಯಾಪಾರಿಯ ಲೆಕ್ಕ’ ಎಂದರೆ ಸಾಕಾಗುತ್ತಿತ್ತು.

ಕಳಿಸುವ ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂದೇ ಕಳಿಸಿ, ಇಪ್ಪತ್ನಾಲ್ಕು ಗಂಟೆ ದಾಟಿಸಬೇಡಿ. ಮ್ಯಾನೇಜರ್ ಅವರ ವಿಳಾಸ ನಿಮ್ಮ ಬಳಿ ಇಲ್ಲದಿದ್ದರೆ, ಸಂದರ್ಶನಕ್ಕೆ ಕರೆದ ಎಚ್‌ಆರ್ ಅವರ ಇಮೇಲ್‌ಗೇ ಉತ್ತರವಾಗಿ ಬರೆದು, ಇದನ್ನು ಅವರಿಗೆ ತಲುಪಿಸುವಂತೆ ಒಂದು ಸಾಲಿನಲ್ಲಿ ಕೋರಿಕೊಳ್ಳಿ. ಹಾಗೆ ಮಾಡಿದರೆ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ತಾನಾಗಿಯೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ರೆಸ್ಯೂಮೆಯನ್ನು ಮತ್ತೆ ಲಗತ್ತಿಸಬೇಡಿ, ಸಂಬಳದ ಮಾತು ಎತ್ತಬೇಡಿ. ಸಂದರ್ಶನದಲ್ಲಿ ಇನ್ನೊಬ್ಬರೂ ಇದ್ದು ಅವರಿಗೂ ಬರೆಯುವುದಾದರೆ, ಧನ್ಯವಾದದ ಎರಡನೆಯ ವಾಕ್ಯವನ್ನಾದರೂ ಬದಲಿಸಿ. ಒಂದೇ ಪತ್ರ ಇಬ್ಬರಿಗೂ ಬಂದಿರುವುದು ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಗಿರುತ್ತದೆ.

ಇದೆಲ್ಲ ಖಾಸಗಿ ಕಂಪನಿಗಳಿಗೆ ಮಾತ್ರ ಅನ್ವಯಿಸುವ ಮಾತು. ನೀವು ಸರ್ಕಾರಿ ಹುದ್ದೆಗೋ ಸಾರ್ವಜನಿಕ ವಲಯದ ಬ್ಯಾಂಕಿಗೋ ಸಂದರ್ಶನ ಕೊಡುವುದಿದ್ದರೆ ಇಂತಹ ಪತ್ರ ಕಳಿಸಲೇಬೇಡಿ. ಅಲ್ಲಿನ ಅನೇಕ ಅಧಿಸೂಚನೆಗಳಲ್ಲಿ, ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ಪ್ರಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂಬ ಷರತ್ತು ಇರುತ್ತದೆ, ನಿಮ್ಮ ಸದುದ್ದೇಶದ ಪತ್ರವೂ ಆ ಷರತ್ತಿನ ಕಣ್ಣಿಗೆ ಬೀಳಬಹುದು.

ಪತ್ರಕ್ಕೆ ಉತ್ತರ ಬರದಿದ್ದರೆ ಅದನ್ನು ನಿರಾಕರಣೆ ಎಂದುಕೊಳ್ಳಬೇಡಿ. ಓದಿ ಸುಮ್ಮನಿರುವುದೇ ನಮ್ಮಲ್ಲಿ ಹೆಚ್ಚು, ಅದರಲ್ಲೂ 20ನೇ ತಾರೀಖು ಹತ್ತಿರವಿದ್ದರೆ. ಫಲಿತಾಂಶ ತಿಳಿಸುತ್ತೇವೆಂದು ಅವರು ಹೇಳಿದ ದಿನ ಕಳೆದು ಎರಡು ಮೂರು ಕೆಲಸದ ದಿನಗಳಾದ ಮೇಲೆ, ಅದೇ ಇಮೇಲ್ ಸರಣಿಯಲ್ಲಿ ‘ಈ ಹುದ್ದೆಯ ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿಸಬಹುದೇ’ ಎಂದು ಒಮ್ಮೆ ಕೇಳಿ. ಆ ಪತ್ರದಲ್ಲಿ ಅರ್ಹತೆಯ ಮಾತನ್ನು ಮತ್ತೆ ಬರೆಯುವ ಅಗತ್ಯವಿಲ್ಲ, ಮೊದಲ ಪತ್ರ ಅದೇ ಸರಣಿಯಲ್ಲಿ ಕೆಳಗೆ ಇರುತ್ತದೆ.