ಮಲಗುವುದು ಹತ್ತು ಗಂಟೆ, ನಿದ್ದೆ ಐದೂವರೆ

ಪ್ರಶ್ನೆ: ನನಗೆ 36 ವರ್ಷ. ಐದು ತಿಂಗಳಿಂದ ನಿದ್ದೆ ಕೆಟ್ಟಿದೆ. ಕಳೆದುಕೊಂಡ ನಿದ್ದೆ ಸಿಗಲಿ ಎಂದು ಒಂಬತ್ತೂವರೆಗೇ ಮಲಗುತ್ತೇನೆ, ಹನ್ನೆರಡಾದರೂ ಕಣ್ಣು ಹತ್ತುವುದಿಲ್ಲ. ನಾಲ್ಕಕ್ಕೆ ಎಚ್ಚರ. ಆಮೇಲೆ ಒಂದೂವರೆ ಗಂಟೆಯಷ್ಟು ಜೊಂಪು, ಉಳಿದದ್ದು ಹೊರಳಾಟ, ಏಳೂವರೆಗೆ ಏಳುತ್ತೇನೆ. ನಾಳೆಯ ಕೆಲಸ ನೆನೆದರೆ ದಿಗಿಲು. ಹಗಲು ಯಾವುದರಲ್ಲೂ ಮನಸ್ಸಿಲ್ಲ, ಯಾರನ್ನೂ ನೋಡಬೇಕೆನಿಸುವುದಿಲ್ಲ. ಮೊದಲು ಯಾವುದನ್ನು ಸರಿಮಾಡಿಕೊಳ್ಳಲಿ, ಮನಸ್ಸನ್ನೋ ನಿದ್ದೆಯನ್ನೋ?

ಉತ್ತರ: ಎರಡಕ್ಕೂ ಒಟ್ಟಿಗೇ ಗಮನ ಬೇಕು. ಆದರೆ ನೀವೇ ಈ ವಾರ ಕೈಹಾಕಬಹುದಾದದ್ದು ನಿದ್ದೆಗೆ. ನಿದ್ದೆ ಸುಧಾರಿಸಿದರೆ ಆತಂಕ, ಬೇಸರ ಎರಡೂ ಎಷ್ಟೋ ಜನರಲ್ಲಿ ತಗ್ಗುತ್ತವೆ.

ಬೇಗ ಮಲಗುವ ನಿಮ್ಮ ಉಪಾಯವೇ ತೊಂದರೆಯನ್ನು ಬೆಳೆಸುತ್ತಿದೆ. ಎಚ್ಚರವಾಗಿದ್ದಷ್ಟೂ ನಿದ್ದೆಯ ಒತ್ತಡ, ಅಂದರೆ ಮೈ ನಿದ್ದೆಗೆ ಎಳೆಯುವ ಸೆಳೆತ, ಹೆಚ್ಚುತ್ತದೆ. ಒಂಬತ್ತೂವರೆಗೆ ಅದು ಇನ್ನೂ ಸಾಲದು. ಹಾಗಾಗಿ ಎರಡೂವರೆ ಗಂಟೆ ಕತ್ತಲಲ್ಲಿ ಚಿಂತೆಯೊಂದಿಗೆ ಕಳೆಯುತ್ತೀರಿ. ದಿನವೂ ಇದೇ ನಡೆದರೆ ದಿಂಬಿಗೆ ತಲೆಯಿಟ್ಟೊಡನೆ ಎದೆ ಬಡಿದುಕೊಳ್ಳುವುದನ್ನು ಮೈ ಕಲಿಯುತ್ತದೆ. ಸೋಫಾದ ಮೇಲೆ ತೂಕಡಿಸುವವರು ಹಾಸಿಗೆಗೆ ಬಂದೊಡನೆ ಎಚ್ಚರಗೊಳ್ಳುವುದು ಇದರಿಂದಲೇ. ನಿದ್ದೆಗೆಟ್ಟ ಮರುದಿನ ಸಣ್ಣ ಮಾತೂ ದೊಡ್ಡ ಅಪಾಯದಂತೆ ಕಾಣುತ್ತದೆ. ಯಾರನ್ನೂ ನೋಡದೆ ಒಳಗೇ ಕೂತರೆ ಬೆಳಗಿನ ಬೆಳಕಿಲ್ಲ, ಮೈಗೆ ದಣಿವಿಲ್ಲ, ಸಂತೋಷ ಕೊಡುವಂಥದ್ದೂ ಇಲ್ಲ. ಮನಸ್ಸು ಇನ್ನಷ್ಟು ಕುಗ್ಗುತ್ತದೆ, ರಾತ್ರಿಯ ನಿದ್ದೆಗೆ ಬೇಕಾದ ಒತ್ತಡವೂ ಕೂಡುವುದಿಲ್ಲ.

ಮೊದಲು ಒಂದು ವಾರ ನಿದ್ದೆಯ ಲೆಕ್ಕ ಬರೆದಿಡಿ: ಮಲಗಿದ್ದು, ನಿದ್ದೆ ಹತ್ತಿದ್ದು, ನಡುವೆ ಎಚ್ಚರವಿದ್ದದ್ದು, ಎದ್ದದ್ದು. ರಾತ್ರಿ ಗಡಿಯಾರ ನೋಡಬೇಡಿ. ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ನೀವು ಹೇಳಿದಂತೆ ಹಾಸಿಗೆಯಲ್ಲಿ 10 ಗಂಟೆ, ನಿದ್ದೆ ಸುಮಾರು ಐದೂವರೆ. ಅಂದರೆ ಮಲಗಿದ ಹೊತ್ತಿನಲ್ಲಿ ಶೇ 55 ಮಾತ್ರ ನಿದ್ದೆ. ಇದು ಶೇ 85ರ ಆಸುಪಾಸಿಗೆ ಬರಬೇಕು.

ಅದಕ್ಕೆ ಹಾಸಿಗೆಯ ಹೊತ್ತನ್ನು 6 ಗಂಟೆಗೆ ಇಳಿಸಿ. ಏಳುವ ಹೊತ್ತು ರಜಾದಿನವೂ ಸೇರಿ ಆರೂವರೆ, ಅದು ಕದಲಬಾರದು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವುದು ಹನ್ನೆರಡೂವರೆಗೆ, ಅದೂ ಕಣ್ಣು ಎಳೆಯುತ್ತಿದ್ದರೆ ಮಾತ್ರ. ಇಪ್ಪತ್ತು ನಿಮಿಷ ಕಳೆದಿರಬಹುದು ಎನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತು, ಓದಿದ ಪುಸ್ತಕವನ್ನೇ ಮತ್ತೆ ತಿರುವಿ. ನಾಲ್ಕು ಗಂಟೆಯ ಎಚ್ಚರಕ್ಕೂ ಇದೇ ಮದ್ದು. ಹಗಲು ನಿದ್ದೆ ಬೇಡ. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ನಡೆಯಿರಿ. ಮನಸ್ಸು ಒಪ್ಪಲಿ ಎಂದು ಕಾಯಬೇಡಿ, ಅದು ಒಪ್ಪುವುದು ನಡೆದ ಮೇಲೆಯೇ.

ವಾರಕ್ಕೊಮ್ಮೆ ಲೆಕ್ಕ ನೋಡಿ. 6 ಗಂಟೆಯಲ್ಲಿ ಸರಾಸರಿ 5 ಗಂಟೆ 15 ನಿಮಿಷ ನಿದ್ದೆಯಾಗಿದ್ದರೆ ಶೇ 87ಕ್ಕೂ ಮೇಲೆ. ಮುಂದಿನ ವಾರ ಹದಿನೈದು ನಿಮಿಷ ಮುಂಚೆ, ಹನ್ನೆರಡೂಕಾಲಿಗೆ ಮಲಗಿ. ಶೇ 80–85 ಇದ್ದರೆ ಹಾಗೇ ಮುಂದುವರಿಸಿ. ಅದಕ್ಕೂ ಕಡಿಮೆಯಾದರೆ ಹದಿನೈದು ನಿಮಿಷ ತಡವಾಗಿ ಮಲಗಿ. ಆದರೆ 5 ಗಂಟೆಗಿಂತ ಕೆಳಗೆ ಎಂದೂ ಇಳಿಸಬೇಡಿ.

ಹೆಚ್ಚಿನವರು ಕೈಬಿಡುವುದು ಮೊದಲ ಎರಡು ವಾರಗಳಲ್ಲಿ. ಆಗ ಹಗಲು ತೂಕಡಿಕೆ, ಸಿಡಿಮಿಡಿ ಹೆಚ್ಚುತ್ತವೆ, ಮನಸ್ಸೂ ಸ್ವಲ್ಪ ಕುಸಿಯಬಹುದು. ಒಂದು ರಾತ್ರಿ ಕೆಟ್ಟಿತೆಂದು ಮರುದಿನ ಹತ್ತಕ್ಕೇ ಮಲಗಿದರೆ ಕೂಡಿಟ್ಟ ಒತ್ತಡವೆಲ್ಲ ಸೋರಿಹೋಗುತ್ತದೆ. ತೂಕಡಿಕೆಯಿದ್ದಾಗ ವಾಹನ ಓಡಿಸಬೇಡಿ, ಯಂತ್ರಗಳ ಬಳಿ ಹೋಗಬೇಡಿ.

ದಿಗಿಲಿಗೆ ಸಂಜೆ ಹೊತ್ತಿನಲ್ಲೇ ಜಾಗ ಮಾಡಿಕೊಡಿ. ಹದಿನೈದು ನಿಮಿಷ ಕುಳಿತು ಹಾಳೆಯ ಎಡಕ್ಕೆ ಚಿಂತೆ, ಬಲಕ್ಕೆ ಅದರ ಮುಂದಿನ ಒಂದು ಹೆಜ್ಜೆ ಬರೆಯಿರಿ. ‘ವರದಿ ಮುಗಿದಿಲ್ಲ’ ಎಂಬುದರ ಎದುರು ‘ನಾಳೆ ಹತ್ತಕ್ಕೆ ಮೊದಲ ಪುಟ’. ಹೆಜ್ಜೆಯೇ ಇಲ್ಲದ ಚಿಂತೆಯ ಎದುರು ಖಾಲಿ ಬಿಡಿ. ರಾತ್ರಿ ಅದು ಮತ್ತೆ ಬಂದರೆ ಹಾಳೆಯಲ್ಲಿದೆ ಎಂದಷ್ಟೇ ಹೇಳಿಕೊಳ್ಳಿ, ಉತ್ತರ ಹುಡುಕಬೇಡಿ.

ಇದು ಎಲ್ಲರಿಗೂ ಹೊಂದುವ ಕ್ರಮವಲ್ಲ. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ ದಿನಗಟ್ಟಲೆ ಉಕ್ಕಿದ್ದರೆ, ಅಪಸ್ಮಾರವಿದ್ದರೆ, ನಿದ್ದೆಯಲ್ಲಿ ನಡೆಯುವ ಅಭ್ಯಾಸವಿದ್ದರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಂದು ಮನೆಯವರು ಹೇಳಿದ್ದರೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ. ನಿದ್ದೆ ಮಾತ್ರೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ.

ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ಮೀರಿದ್ದರೆ ಅದು ಖಿನ್ನತೆಯಿರಬಹುದು. ನಿದ್ದೆ ಸರಿಹೋಗಲಿ ಎಂದು ಕಾಯದೆ ಈಗಲೇ ಮನೋವೈದ್ಯರನ್ನು ಕಾಣಿ. ನಿದ್ದೆಯ ಲೆಕ್ಕದ ಹಾಳೆಯನ್ನೂ ಒಯ್ಯಿರಿ. ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಮನೆಯವರೊಬ್ಬರಿಗೆ ಹೇಳಿ, ಅವರನ್ನು ಕರೆದುಕೊಂಡು ಆಗಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.