ಸಂಜೆಯ ‘ತಡ’ ಪಟ್ಟಿ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಪಾರ್ಸೆಲ್ ಬುಕಿಂಗ್ ಆಫೀಸ್ ಇದೆ. ಬಟ್ಟೆ ಅಂಗಡಿಗಳ ಮಾಲನ್ನು ಎರಡು ಕೊರಿಯರ್ ಕಂಪನಿಗಳ ಮೂಲಕ ಕಳಿಸುತ್ತೇವೆ. ಟ್ರ್ಯಾಕಿಂಗ್ ಫೀಡ್ ಸಿಎಸ್‌ವಿ ಫೈಲಾಗಿ ಸಿಗುತ್ತೆ. ದಿನಾ ಸಂಜೆ 7ಕ್ಕೆ ಅದನ್ನು ಗೂಗಲ್ ಶೀಟ್‌ಗೆ ಹಾಕಿ, ತಡವಾದ ಪಾರ್ಸೆಲ್‌ಗಳ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿಗೆ ಕಳಿಸುತ್ತೇವೆ. ಆದರೆ ಪಟ್ಟಿ ನೋಡಿ ಫೋನ್ ಮಾಡಿದರೆ ಅರ್ಧ ಜನ ‘ಆಗಲೇ ಬಂತಲ್ಲ’ ಅಂತಾರೆ. ನಿಜವಾಗಿ ತಡವಾದದ್ದು ಪಟ್ಟಿಯಲ್ಲೇ ಇರಲ್ಲ. ಏನು ಮಾಡೋಣ?

ಉತ್ತರ: ಪಟ್ಟಿಯನ್ನು ಫೀಡ್‌ನಿಂದ ಶುರು ಮಾಡಬೇಡಿ, ನಿಮ್ಮ ಬುಕಿಂಗ್ ರಿಜಿಸ್ಟರ್‌ನಿಂದ ಶುರು ಮಾಡಿ. ಫೀಡ್‌ಗೆ ಗೊತ್ತಿರುವುದು ಸ್ಕ್ಯಾನ್ ಆದ ಪಾರ್ಸೆಲ್ ಮಾತ್ರ. ಪಿಕಪ್ ಹುಡುಗ ಮರೆತು ನಿಮ್ಮ ಮೇಜಿನ ಕೆಳಗೇ ಉಳಿದ ಡಬ್ಬ ಅದರಲ್ಲಿ ಬರುವುದೇ ಇಲ್ಲ. ಎಲ್ಲಕ್ಕಿಂತ ಜಾಸ್ತಿ ತಡವಾಗುವುದು ಅದೇ, ಅಲ್ವಾ?

ಇನ್ನೊಂದು ಕಾರಣವೂ ಇದೆ. ಫೀಡ್‌ನಲ್ಲಿ ತಲುಪುವ ದಿನ ಅಂತ ಒಂದು ಕಾಲಂ ಇರುತ್ತದೆ. ಪಾರ್ಸೆಲ್ ದಾರಿಯಲ್ಲಿ ನಿಂತರೆ ಎಷ್ಟೋ ಕಂಪನಿಗಳ ಸಿಸ್ಟಮ್ ಆ ದಿನಾಂಕವನ್ನೇ ಮುಂದಕ್ಕೆ ಹಾಕಿಬಿಡುತ್ತದೆ. ಸೋಮವಾರ ಸೇರಬೇಕಿದ್ದದ್ದು ಬುಧವಾರ ಅಂತ ಬದಲಾದರೆ ನಿಮ್ಮ ಲೆಕ್ಕದಲ್ಲಿ ಅದು ತಡವೇ ಅಲ್ಲ! ನಿಜವಾದ ತಡ ಪಟ್ಟಿಯಿಂದ ಮಾಯವಾಗುವುದು ಹೀಗೆ. ಗಿರಾಕಿಗೆ ಬುಕಿಂಗ್ ಹೊತ್ತಿನಲ್ಲಿ ಹೇಳಿದ ದಿನಾಂಕವನ್ನು ನಿಮ್ಮ ಶೀಟ್‌ನಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಮುಟ್ಟಬೇಡಿ. ಕಂಪನಿ ‘ಎರಡು ದಿನ’ ಅಂತಷ್ಟೇ ಹೇಳಿದ್ದರೆ `=WORKDAY.INTL(D2, 2, 11)` ಹಾಕಿ. ಕೊನೆಯ 11 ಅಂದರೆ ಭಾನುವಾರ ಮಾತ್ರ ರಜೆ.

ಈಗ ಶೀಟ್ ಮಾಡೋಣ. `Feed` ಅನ್ನುವ ಹಾಳೆಯಲ್ಲಿ ಮೊದಲ ಮೂರು ಕಾಲಂ ಎಡಬ್ಲ್ಯೂಬಿ ನಂಬರ್, ಸ್ಟೇಟಸ್, ಸ್ಕ್ಯಾನ್ ಸಮಯ ಇರಲಿ. ಒಂದೇ ಪಾರ್ಸೆಲ್‌ಗೆ ಐದಾರು ಸಾಲು ಇರುತ್ತವೆ, ನಮಗೆ ಬೇಕಾದದ್ದು ಕೊನೆಯ ಸ್ಕ್ಯಾನ್ ಮಾತ್ರ. `Last` ಅಂತ ಹೊಸ ಹಾಳೆ ಮಾಡಿ, ಅದರ A2ನಲ್ಲಿ ಇದನ್ನು ಹಾಕಿ:

```
=SORTN(SORT(Feed!A2:C, 3, FALSE), 9^9, 2, 1, TRUE)
```

ಇದು ಹೊಸ ಸ್ಕ್ಯಾನನ್ನು ಮೇಲೆ ತಂದು, ಪ್ರತಿ ನಂಬರಿಗೆ ಒಂದೇ ಸಾಲು ಉಳಿಸುತ್ತದೆ. ಆಮೇಲೆ `Booking` ಹಾಳೆ: A ನಂಬರ್, B ಗಿರಾಕಿ, C ಊರು, D ಬುಕ್ ಆದ ದಿನ, E ಹೇಳಿದ ದಿನ. F ಮತ್ತು G ಕಾಲಂಗಳಿಗೆ ಕ್ರಮವಾಗಿ ಇವು:

```
=IFNA(VLOOKUP(A2, Last!A:C, 2, FALSE), "ಸ್ಕ್ಯಾನ್ ಇಲ್ಲ")
```

```
=IFS(F2="Delivered", "",
 LEFT(F2,3)="RTO", "ವಾಪಸ್",
 AND(F2="ಸ್ಕ್ಯಾನ್ ಇಲ್ಲ", D2<TODAY()), "ಹುಡುಕಿ",
 E2<TODAY(), "ತಡ",
 E2>TODAY(), "",
 F2="Out for Delivery", "ಬೆಳಿಗ್ಗೆ ನೋಡಿ",
 TRUE, "ಇವತ್ತು ಸೇರಲ್ಲ")
```

ಸ್ಟೇಟಸ್ ಪದಗಳು ನಿಮ್ಮ ಕಂಪನಿಗಳ ಫೈಲಿನಲ್ಲಿ ಹೇಗಿವೆಯೋ ಹಾಗೇ ಬರೆಯಬೇಕು. ಎರಡು ಕಂಪನಿಯ ಪದ ಬೇರೆ ಬೇರೆ ಇದ್ದರೆ ಮೊದಲು ಒಂದೇ ಪದಕ್ಕೆ ತನ್ನಿ. ಒಂದು ಸಂಜೆ ಎಲ್ಲಾ ಪಾರ್ಸೆಲ್‌ಗೂ ‘ಸ್ಕ್ಯಾನ್ ಇಲ್ಲ’ ಅಂತ ಬಂದರೆ ಗಾಬರಿ ಬೇಡ. ಒಂದು ಹಾಳೆಯಲ್ಲಿ ನಂಬರ್ ಅಂಕಿಯಾಗಿ, ಇನ್ನೊಂದರಲ್ಲಿ ಅಕ್ಷರವಾಗಿ ಕೂತಿರುತ್ತದೆ. ಎರಡೂ ಕಡೆ ಒಂದೇ ಥರ ಇದ್ದರೆ ಸರಿಹೋಗುತ್ತದೆ.

‘ಬೆಳಿಗ್ಗೆ ನೋಡಿ’ ಅನ್ನುವ ಗುಂಪು ಯಾಕೆ ಬೇಕು ಅಂದರೆ, ನಿಮ್ಮ ‘ಆಗಲೇ ಬಂತಲ್ಲ’ ಫೋನುಗಳು ಹುಟ್ಟುವುದೇ ಅಲ್ಲಿ. ಡೆಲಿವರಿ ಹುಡುಗ ಜಗಳೂರಿನ ಕಡೆ ಹಳ್ಳಿಯಲ್ಲಿ 4 ಗಂಟೆಗೆ ಪಾರ್ಸೆಲ್ ಕೊಟ್ಟಿರುತ್ತಾನೆ. ಅಲ್ಲಿ ಸಿಗ್ನಲ್ ಇರಲ್ಲ. ರಾತ್ರಿ ಆಫೀಸಿಗೆ ಬಂದ ಮೇಲೆ ಅವನ ಮೊಬೈಲಿನಿಂದ ಸ್ಕ್ಯಾನ್ ಮೇಲೆ ಹೋಗುತ್ತದೆ. ನಿಮ್ಮ 7 ಗಂಟೆಯ ಫೈಲಿಗೆ ಅದು ಸಿಗುವುದಿಲ್ಲ. ಹಾಗಾಗಿ ಇವತ್ತು ಸೇರಬೇಕಾದ, ಈಗಾಗಲೇ ಡೆಲಿವರಿಗೆ ಹೊರಟಿರುವ ಪಾರ್ಸೆಲ್ ಬಗ್ಗೆ ಸಂಜೆ ತೀರ್ಪು ಕೊಡಬೇಡಿ. ಬೆಳಿಗ್ಗೆ 9ಕ್ಕೆ ಹೊಸ ಫೈಲ್ ಹಾಕಿದರೆ ಅವುಗಳ ಗತಿ ತಾನೇ ಗೊತ್ತಾಗುತ್ತದೆ.

ಒಂದು ಮಂಗಳವಾರ ಸಂಜೆ ಅಂದುಕೊಳ್ಳಿ. ಹೊಸಪೇಟೆಗೆ ಹೊರಟದ್ದು ಸೋಮವಾರ ಸೇರಬೇಕಿತ್ತು, ಇನ್ನೂ ಹುಬ್ಬಳ್ಳಿ ಹಬ್‌ನಲ್ಲಿದೆ. ಮೈಸೂರಿನದು ಇವತ್ತು ಸೇರಬೇಕಿತ್ತು, ಆದರೆ ಕೊನೆಯ ಸ್ಕ್ಯಾನ್ ಬೆಂಗಳೂರು ಹಬ್‌ನದು. ಚಳ್ಳಕೆರೆಯದೂ ಇವತ್ತೇ, ಬೆಳಿಗ್ಗೆಯೇ ಡೆಲಿವರಿಗೆ ಹೊರಟಿದೆ. ಹಿರಿಯೂರಿನದು ಸೋಮವಾರ ಬುಕ್ ಆಗಿದೆ, ಒಂದು ಸ್ಕ್ಯಾನೂ ಇಲ್ಲ. ಗ್ರೂಪಿಗೆ ಹೋಗಬೇಕಾದ ಮೆಸೇಜ್ ಇಷ್ಟೇ:

```
ಮಂಗಳವಾರ, ಸಂಜೆ 7
ಹುಡುಕಿ: ಹಿರಿಯೂರು (ನಮ್ಮಲ್ಲೇ ಇದೆಯಾ ನೋಡಿ)
ಇವತ್ತು ಸೇರಲ್ಲ: ಮೈಸೂರು (ಗಿರಾಕಿಗೆ ಈಗಲೇ ಹೇಳಿ)
ತಡ: ಹೊಸಪೇಟೆ (ಹುಬ್ಬಳ್ಳಿ ಹಬ್‌ಗೆ ಫೋನ್)
ಬೆಳಿಗ್ಗೆ ನೋಡುವುದು: 1
```

ಸಾಲುಗಳ ಕ್ರಮ ಸುಮ್ನೆ ಇಟ್ಟದ್ದಲ್ಲ. ಹುಡುಕುವ ಕೆಲಸ ಆಫೀಸ್ ಬಾಗಿಲು ಹಾಕುವ ಮೊದಲೇ ಆಗಬೇಕು. ಡಬ್ಬ ನಿಮ್ಮಲ್ಲೇ ಸಿಕ್ಕರೆ ರಾತ್ರಿ ಗಾಡಿಗೇ ಹಾಕಬಹುದು. ಮೈಸೂರಿನ ಗಿರಾಕಿಗೆ ನೀವೇ ಮೊದಲು ಫೋನ್ ಮಾಡಿದರೆ ಬೈಗುಳ ಕಡಿಮೆ. ಚಳ್ಳಕೆರೆಯವರಿಗೆ ಫೋನೇ ಬೇಡ. ಹೊಸಪೇಟೆಯದು ಹೇಗೂ ತಡವಾಗಿದೆ, ಹಬ್‌ನವರನ್ನು ಎರಡನೇ ದಿನವೂ ಬಿಡದೆ ಕೇಳಬೇಕು ಅಷ್ಟೇ.

ಎರಡು ಕಡೆ ಕಣ್ಣಿಡಿ. ಮೊದಲನೆಯದು ಸಮಯ. ಕೆಲವು ಫೀಡ್‌ಗಳು ಭಾರತದ ಸಮಯ ಕೊಡದೆ ಯುಟಿಸಿ ಕೊಡುತ್ತವೆ, ಅಂದರೆ 5 ಗಂಟೆ 30 ನಿಮಿಷ ಹಿಂದೆ. ರಾತ್ರಿ 2ಕ್ಕೆ ಹಬ್‌ಗೆ ಬಂದದ್ದು ಹಿಂದಿನ ದಿನ ರಾತ್ರಿ 8:30 ಅಂತ ಕಾಣುತ್ತದೆ. ‘ನಿನ್ನೆಯಿಂದ ಅಲ್ಲೇ ಬಿದ್ದಿದೆ’ ಅಂತ ನೀವು ಹಬ್‌ನವರ ಮೇಲೆ ಸುಮ್ಮನೆ ಕೂಗಾಡಿರುತ್ತೀರಿ. ಕಂಡುಹಿಡಿಯುವುದು ಸುಲಭ. ಪಿಕಪ್ ಹುಡುಗ ನಿಮ್ಮೆದುರೇ ಸ್ಕ್ಯಾನ್ ಮಾಡಿದ ಒಂದು ಪಾರ್ಸೆಲ್‌ನ ಸಮಯ ಬರೆದಿಡಿ. ಸಂಜೆ 5:40ಕ್ಕೆ ಮಾಡಿದ್ದು ಫೀಡ್‌ನಲ್ಲಿ 12:10 ಅಂತಿದ್ದರೆ ಅದು ಯುಟಿಸಿ. ಆ ಕಂಪನಿಯ ಸಾಲುಗಳಿಗೆ ಮಾತ್ರ `+TIME(5,30,0)` ಸೇರಿಸಿ. ಇನ್ನೊಂದು ಕಂಪನಿಯನ್ನೂ ಹೀಗೇ ಬೇರೆಯಾಗಿ ನೋಡಿ.

ಎರಡನೆಯದು ‘ಗಿರಾಕಿ ಸಿಗಲಿಲ್ಲ’, ‘ಬಾಗಿಲು ಹಾಕಿತ್ತು’ ಅನ್ನುವ ರಿಮಾರ್ಕ್. ಇದು ನಿಜವೂ ಇರಬಹುದು, ಹೋಗದೇ ಒತ್ತಿದ್ದೂ ಇರಬಹುದು. ಆ ಸಾಲುಗಳನ್ನು ಸಮಯದ ಪ್ರಕಾರ ಜೋಡಿಸಿ ನೋಡಿ. ಒಂದೇ ಪಿನ್‌ಕೋಡ್‌ನ ಏಳೆಂಟು ಪಾರ್ಸೆಲ್ ರಾತ್ರಿ 8:50ರಿಂದ 8:53ರ ಒಳಗೆ ‘ಬಾಗಿಲು ಹಾಕಿತ್ತು’ ಅಂತಿದ್ದರೆ, ಮೂರು ನಿಮಿಷದಲ್ಲಿ ಏಳೆಂಟು ಮನೆ ಯಾರೂ ಸುತ್ತುವುದಿಲ್ಲ. ಗಿರಾಕಿಗೆ ಒಂದು ಫೋನ್ ಮಾಡಿ, ಯಾರಾದರೂ ಬಂದಿದ್ದರಾ ಅಂತ ಕೇಳಿ. ಇಲ್ಲ ಅಂದರೆ ಆ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದು ಕಂಪನಿಗೆ ಕಳಿಸಿ. ಬಾಯಲ್ಲಿ ಹೇಳುವ ದೂರಿಗಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ.

ಇದನ್ನೆಲ್ಲ ಆಟೋಮ್ಯಾಟಿಕ್ ಮಾಡುವ ಆತುರ ಈಗ ಬೇಡ ಅನ್ನಿಸುತ್ತದೆ. ಸಿಎಸ್‌ವಿ ಅಂಟಿಸಿ, G ಕಾಲಂ ಫಿಲ್ಟರ್ ಮಾಡಿ, ಮೆಸೇಜ್ ಟೈಪ್ ಮಾಡುವುದು ಜಾಸ್ತಿ ಹೊತ್ತಿನ ಕೆಲಸವಲ್ಲ. ಮುಂದೆ ಶೀಟ್‌ನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ದಿನಕ್ಕೊಂದು ಟ್ರಿಗರ್ ಇಡಬಹುದು. ಆದರೆ ‘7ರಿಂದ 8’ ಅಂತ ಇಟ್ಟರೆ ಆ ಒಂದು ಗಂಟೆಯೊಳಗೆ ಯಾವಾಗ ಬೇಕಾದರೂ ಅದು ಓಡುತ್ತದೆ. ನಿಮ್ಮ ರಾತ್ರಿ ಗಾಡಿ 7:30ಕ್ಕೆ ಹೊರಡುವುದಾದರೆ ಟ್ರಿಗರನ್ನು 6ರಿಂದ 7ಕ್ಕೆ ಇಡಿ.